ಶಾಲಾ ಪ್ರವಾಸಕ್ಕೆ ಹೊರಡೋ ಟೀಚರ್‌ಗೆ: ಎಣಿಕೆ, ಒಪ್ಪಿಗೆ ಪತ್ರ, ಔಷಧಿ, ಬಸ್ಸು ಎಲ್ಲಾ ಒಂದೇ ಲಿಸ್ಟಲ್ಲಿ

ನಾನು ಟೀಚರ್ ಆಗಿ ಮೂರನೇ ವರ್ಷ ಇರ್ಬೇಕು, ಮ್ಯೂಸಿಯಂ ನೋಡ್ಕೊಂಡು ವಾಪಸ್ ಬಸ್ ಹತ್ತಿದ್ವಿ, ಮುಂದಿನ ಸೀಟಿಂದ ಹಿಂದಿನ ಸೀಟಿನವರೆಗೂ ನಾನೇ ತಲೆ ಎಣಿಸ್ದೆ, 42 ಬಂತು, ಬೆಳಿಗ್ಗೆ ಹೊರಟಾಗ್ಲೂ 42 ಇತ್ತು, ಸರಿ ಹೊರಡಿ ಅಂತ ಡ್ರೈವರ್‌ಗೆ ಹೇಳ್ದೆ. ಹತ್ತು ನಿಮಿಷ ಆದ್ಮೇಲೆ ಹಿಂದಿಂದ ಒಬ್ಳು ಹುಡುಗಿ ಎದ್ದು ಬಂದು "ಮಿಸ್, ನನ್ನ ಪಕ್ಕ ಕೂತಿದ್ದವ್ಳು ಇಲ್ಲ" ಅಂದ್ಳು. ಆ ಮಗು ಅಲ್ಲೇ ಟಾಯ್ಲೆಟ್‌ನಲ್ಲಿತ್ತು. ಬಸ್ ತಿರುಗಿಸ್ಕೊಂಡು ಹೋದಾಗ ಗೇಟ್ ಹತ್ರ ಸೆಕ್ಯುರಿಟಿಯವರ ಜೊತೆ ಅಳ್ತಾ ನಿಂತಿದ್ಳು, ಪುಣ್ಯಕ್ಕೆ ಏನೂ ಆಗಿರ್ಲಿಲ್ಲ.

ಹಾಗಾದ್ರೆ 42 ಹೇಗೆ ಬಂತು? ನಮ್ಮ ಜೊತೆ ಬಂದಿದ್ದ ಒಬ್ರು ಟೀಚರ್ ತಮ್ಮ ಚಿಕ್ಕ ಮಗನ್ನೂ ಕರ್ಕೊಂಡು ಬಂದಿದ್ರು, ಬೆಳಿಗ್ಗೆ ಅವನು ಅಮ್ಮನ ತೊಡೆ ಮೇಲೆ ಕೂತಿದ್ದ, ನಾನು ಎಣಿಸಿರ್ಲಿಲ್ಲ, ವಾಪಸ್ ಬರುವಾಗ ಖಾಲಿ ಇದ್ದ ಸೀಟಲ್ಲಿ ಕೂತಿದ್ದ, ಎಣಿಕೆಗೆ ಸೇರ್ಕೊಂಡ. ಒಂದು ಹೋಯ್ತು, ಒಂದು ಬಂತು, ಮೊತ್ತ ಹಾಗೇ ಇತ್ತು.

ಅವತ್ತಿಂದ ನಾನು ಎಣಿಸೋ ರೀತಿನೇ ಬದಲಾಯ್ತು. ಬರೀ ನಂಬರ್ ಸಾಕಾಗಲ್ಲ, ಆ ನಂಬರ್ ಹಿಂದೆ ಹೆಸರು ಇರ್ಬೇಕು, ಹೆಸರಿನ ಮುಂದೆ ಒಪ್ಪಿಗೆ ಪತ್ರ ಬಂದಿದ್ಯಾ, ಔಷಧಿ ಏನಾದ್ರೂ ಇದ್ಯಾ, ಯಾವ ಗುಂಪು, ಸಂಜೆ ಯಾರು ಕರ್ಕೊಂಡು ಹೋಗ್ತಾರೆ, ಎಲ್ಲಾ ಒಂದೇ ಸಾಲಲ್ಲಿ ಇರ್ಬೇಕು. ಒಪ್ಪಿಗೆ ಪತ್ರ ಒಂದು ಫೈಲಲ್ಲಿ, ಔಷಧಿ ಚೀಟಿ ಇನ್ಯಾರದ್ದೋ ಪರ್ಸಲ್ಲಿ, ಹಾಜರಿ ಶಾಲೆಯಲ್ಲೇ ಉಳ್ಕೊಂಡಿದೆ, ಹೀಗೆ ಚೆಲ್ಲಾಪಿಲ್ಲಿ ಆದಾಗ್ಲೇ ಎಡವಟ್ಟಾಗೋದು. ಅದಕ್ಕೆ ಇಲ್ಲಿ ಹೇಳೋದೆಲ್ಲಾ ಒಂದು ದಿನದ ಬಸ್ ಪ್ರವಾಸಕ್ಕೆ, ಒಂದೇ ಲಿಸ್ಟ್ ಇಟ್ಕೊಂಡು ಹೇಗೆ ನಡೆಸೋದು ಅಂತ. ರಾತ್ರಿ ಉಳಿಯೋ ಪ್ರವಾಸಕ್ಕೆ ಇನ್ನೂ ಬೇರೆ ಬೇರೆ ವಿಷಯ ಇರತ್ತೆ, ಅದಕ್ಕೆ ಇಲ್ಲಿ ಕೈ ಹಾಕಲ್ಲ.

ಎರಡು ವಾರ ಮುಂಚೆ: ಒಪ್ಪಿಗೆ ಪತ್ರ

ಎಷ್ಟೋ ಕಡೆ ವರ್ಷದ ಶುರುವಲ್ಲೇ "ಎಲ್ಲಾ ಪ್ರವಾಸಕ್ಕೂ ಕಳಿಸ್ತೀವಿ" ಅಂತ ಒಂದೇ ಸಹಿ ತಗೊಂಡು ಇಟ್ಕೋತಾರೆ. ನನಗಂತೂ ಅದು ಸಾಕು ಅನ್ಸಲ್ಲ. ಅಪ್ಪ ಅಮ್ಮ ಯಾವುದಕ್ಕೆ ಒಪ್ತಿದ್ದೀವಿ ಅಂತ ಗೊತ್ತಿದ್ದು ಸಹಿ ಹಾಕಿದ್ರೆ ತಾನೆ ಅದು ಒಪ್ಪಿಗೆ? ಹಾಗಾಗಿ ಪ್ರತಿ ಪ್ರವಾಸಕ್ಕೂ ಬೇರೆ ಪತ್ರ ಮಾಡಿ. ಎಲ್ಲಿಗೆ, ಯಾವ ದಿನ, ಎಷ್ಟೊತ್ತಿಗೆ ಹೊರಡ್ತೀವಿ, ಎಷ್ಟೊತ್ತಿಗೆ ವಾಪಸ್, ಯಾವುದರಲ್ಲಿ ಹೋಗೋದು, ಅಲ್ಲಿ ಮಕ್ಕಳು ಏನು ಮಾಡ್ತಾರೆ, ಇಷ್ಟು ಮೇಲ್ಗಡೆನೇ ಇರ್ಲಿ. ನೀರಿಗಿಳಿಯೋದು, ಬೋಟ್, ಬೆಟ್ಟ ಹತ್ತೋದು ಇದ್ರೆ ಅದನ್ನ ಬಿಡಿಸಿ ಬರೀರಿ, ಬರೀ "ವಿವಿಧ ಚಟುವಟಿಕೆಗಳು" ಅಂತ ಬರ್ದು ಮುಗಿಸ್ಬೇಡಿ.

ಕೆಳಗಡೆ ಪೋಷಕರು ತುಂಬೋ ಭಾಗ. ಇದರಲ್ಲಿ ಎರಡು ಫೋನ್ ನಂಬರ್ ಕೇಳಿ, ಎರಡೂ ಬೇರೆ ಬೇರೆ ಜನರದ್ದು, ಆವತ್ತು ಇಡೀ ದಿನ ಫೋನ್ ಎತ್ತೋವ್ರದ್ದು. ಆಮೇಲೆ ಮಗುಗೆ ಯಾವುದಕ್ಕಾದ್ರೂ ಅಲರ್ಜಿ ಇದ್ಯಾ, ಏನಾದ್ರೂ ಕಾಯಿಲೆ ಇದ್ಯಾ, ದಿನಾ ತಗೊಳ್ಳೋ ಔಷಧಿ ಇದ್ಯಾ, ಬಸ್ಸಲ್ಲಿ ವಾಂತಿ ಬರತ್ತಾ, ತುರ್ತಾಗಿ ಆಸ್ಪತ್ರೆಗೆ ಸೇರಿಸ್ಬೇಕಾದ್ರೆ ಒಪ್ಪಿಗೆ ಇದ್ಯಾ, ಸಂಜೆ ಯಾರು ಕರ್ಕೊಂಡು ಹೋಗ್ತಾರೆ ಅಥವಾ ಮಗು ಒಂಟಿಯಾಗಿ ಮನೆಗೆ ಹೋಗತ್ತಾ. ಈ ಪ್ರಶ್ನೆಗಳಿಗೆಲ್ಲಾ "ಹೌದು" "ಇಲ್ಲ" ಎರಡೂ ಬಾಕ್ಸ್ ಕೊಡಿ, ಖಾಲಿ ಗೆರೆ ಮಾತ್ರ ಕೊಟ್ರೆ ಏನೂ ಬರೀದೆ ವಾಪಸ್ ಬರತ್ತೆ, ಆಗ ಆ ಮಗುಗೆ ನಿಜವಾಗ್ಲೂ ಏನೂ ಇಲ್ವಾ ಇಲ್ಲಾ ಅಮ್ಮ ಆ ಸಾಲು ಓದಲೇ ಇಲ್ವಾ ಅಂತ ಗೊತ್ತಾಗಲ್ಲ. ಪತ್ರದ ಭಾಷೆ ಮನೆಯವರು ಓದೋ ಭಾಷೆ ಆಗಿರ್ಲಿ. ಓದೋಕೆ ಬಾರದ ಪೋಷಕರಿದ್ರೆ ಕರೆಸಿ ಬಾಯಲ್ಲಿ ಹೇಳಿ, ಅವರ ಉತ್ತರ ನೀವೇ ಬರ್ಕೊಂಡು, ಮತ್ತೆ ಓದಿ ಹೇಳಿ ಸಹಿ ಇಲ್ಲಾ ಹೆಬ್ಬೆಟ್ಟು ತಗೊಳ್ಳಿ.

ವಾಪಸ್ ಕೊಡೋಕೆ ಕೊನೆ ದಿನ ಪ್ರವಾಸಕ್ಕೆ ಒಂದು ವಾರ ಮುಂಚೆ ಇಡಿ. ಆ ಒಂದು ವಾರ ಸುಮ್ನೆ ಅಲ್ಲ, ಅದರಲ್ಲಿ ಎರಡು ಕೆಲಸ ಇದೆ. ಒಂದು, ಕೊಟ್ಟಿರೋ ಫೋನ್ ನಂಬರಿಗೆಲ್ಲಾ ಶಾಲೆಯಿಂದ ಒಂದು ಮೆಸೇಜ್ ಕಳಿಸಿ ಉತ್ತರ ಕೇಳಿ. ನನ್ನ ಅನುಭವದಲ್ಲಿ ಪ್ರತಿ ಸಲ ಎರಡು ಮೂರು ನಂಬರ್ ತಪ್ಪಾಗಿರತ್ತೆ, ಒಂದು ಅಂಕಿ ಅದಲು ಬದಲು ಆಗಿರತ್ತೆ ಅಥವಾ ಹಳೇ ಸಿಮ್ ಆಗಿರತ್ತೆ, ಇದು ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಗೊತ್ತಾಗೋದಕ್ಕಿಂತ ಈಗಲೇ ಗೊತ್ತಾಗ್ಲಿ. ಅದೇ ಮೆಸೇಜಲ್ಲಿ ಇನ್ನೊಂದೂ ಬೆಳಕಿಗೆ ಬರತ್ತೆ, ಮಗುನೇ ಅಪ್ಪನ ಸಹಿ ಹಾಕಿದ್ರೆ ಅಪ್ಪ "ಯಾವ ಪ್ರವಾಸ?" ಅಂತ ಕೇಳ್ತಾರೆ. ಎರಡು, ಔಷಧಿ ಅಥವಾ ಕಾಯಿಲೆ ಬಗ್ಗೆ "ಹೌದು" ಅಂದಿರೋ ಮನೆಯವರ ಹತ್ರ ನೀವೇ ಮಾತಾಡ್ಬೇಕು, ಆ ವಿಷಯ ಮುಂದೆ ಹೇಳ್ತೀನಿ.

ಬೆಳಿಗ್ಗೆ ಬಸ್ ಹತ್ರ ಪತ್ರ ಇಲ್ದೇ ಬರೋ ಮಗು ಖಂಡಿತ ಇರತ್ತೆ. ಬ್ಯಾಗ್ ಹಾಕ್ಕೊಂಡು, ಹೊಸ ಶೂ ಹಾಕ್ಕೊಂಡು ನಿಂತಿರೋ ಮಗು ಮುಖ ನೋಡಿದ್ರೆ ಕರುಳು ಚುರ್ ಅನ್ನತ್ತೆ, ಆದ್ರೂ ಪೋಷಕರು ಬಂದು ಸಹಿ ಹಾಕೋವರೆಗೂ ಹತ್ತಿಸ್ಬೇಡಿ. ಫೋನಲ್ಲಿ "ಕರ್ಕೊಂಡ್ಹೋಗಿ ಮೇಡಂ" ಅಂದ್ರೆ ಅದರಲ್ಲಿ ಅಲರ್ಜಿ ವಿಷಯ ಬರಲ್ಲ, ಔಷಧಿ ವಿಷಯ ಬರಲ್ಲ. ಬಸ್ ಹೊರಡೋದಕ್ಕೆ ಮುಕ್ಕಾಲು ಗಂಟೆ ಮುಂಚೆನೇ ಬರೋಕೆ ಎಲ್ಲರಿಗೂ ಹೇಳಿಡಿ, ಆಗ ಮನೆ ಹತ್ರ ಇದ್ರೆ ಪೋಷಕರು ಬಂದು ಸಹಿ ಹಾಕಿ ಹೋಗ್ಬಹುದು. ಉಳ್ಕೊಳ್ಳೋ ಮಕ್ಕಳಿಗೆ ಶಾಲೆಯಲ್ಲಿ ಆವತ್ತು ಯಾವ ಕ್ಲಾಸಲ್ಲಿ ಕೂರೋದು, ಯಾರು ನೋಡ್ಕೋತಾರೆ ಅನ್ನೋದನ್ನ ಮುಂಚೇನೇ ಗೊತ್ತು ಮಾಡಿ, ಇಲ್ದಿದ್ರೆ ಆ ಮಕ್ಕಳನ್ನ ಯಾರೂ ಗಮನಿಸಲ್ಲ, ಅವು ಕಾರಿಡಾರಲ್ಲಿ ಅಲೀತಾ ಇರ್ತವೆ. ಇನ್ನೊಂದು ಮಾತು, ಸಹಿ ಬಂತು ಅಂತ ನಮ್ಮ ಜವಾಬ್ದಾರಿ ಕಮ್ಮಿ ಆಗಲ್ಲ. ಅವರು ಕಳಿಸೋಕೆ ಒಪ್ಪಿದ್ದಾರೆ, ನಾವು ನೋಡ್ಕೊಳ್ದೇ ಇರೋದಕ್ಕಲ್ಲ.

ಲಿಸ್ಟ್ ಮಾಡೋದು, ಗುಂಪು ಕಟ್ಟೋದು

ಒಂದು ಲೆಕ್ಕ ತಗೊಳ್ಳೋಣ. ಕ್ಲಾಸಲ್ಲಿ 48 ಮಕ್ಕಳು. ಪತ್ರ ಬಂದಿದ್ದು 44. ಪ್ರವಾಸದ ಬೆಳಿಗ್ಗೆ ಒಬ್ಬನಿಗೆ ಜ್ವರ, ಇನ್ನೊಬ್ಳು ಬರ್ಲೇ ಇಲ್ಲ, ಬಸ್ ಹತ್ತಿದ್ದು 42. ಈಗ ಈ ಮೂರು ನಂಬರಲ್ಲಿ ಇಡೀ ದಿನ ಇಟ್ಕೋಬೇಕಾಗಿದ್ದು 42 ಒಂದೇ. ಹಿಂದಿನ ದಿನ ಪ್ರಿಂಟ್ ತೆಗೆದ ಲಿಸ್ಟಲ್ಲಿ 44 ಇರತ್ತೆ, ಒಬ್ರು ಟೀಚರ್ ತಲೇಲಿ 44 ಇದ್ದು ಇನ್ನೊಬ್ರ ತಲೇಲಿ 42 ಇದ್ರೆ ಮಧ್ಯಾಹ್ನ ಗೊಂದಲ ಶುರು. ಹಾಗಾಗಿ ಬಸ್ ಹೊರಡೋದಕ್ಕೆ ಮುಂಚೆ ಬರದೇ ಇರೋ ಎರಡು ಹೆಸರಿನ ಮೇಲೆ ಎಲ್ಲಾ ಪ್ರತಿಗಳಲ್ಲೂ ಪೆನ್ನಲ್ಲಿ ಗೆರೆ ಎಳೀರಿ, ಮೇಲ್ಗಡೆ ದೊಡ್ಡದಾಗಿ 42 ಅಂತ ಬರೀರಿ, ಎಲ್ಲಾ ಟೀಚರ್‌ಗೂ ಬಾಯಲ್ಲೂ ಹೇಳಿ.

ದೊಡ್ಡವರು ಐದು ಜನ ಅಂತಿಟ್ಕೊಳ್ಳಿ. ನಾಲ್ಕು ಗುಂಪು ಮಾಡಿ, 11, 11, 10, 10. ಐದನೇ ಟೀಚರ್, ಅಂದ್ರೆ ಪ್ರವಾಸದ ಹೊಣೆ ಹೊತ್ತಿರೋವ್ರು, ಅವರಿಗೆ ಗುಂಪು ಬೇಡ. ಇದು ತುಂಬಾ ಜನಕ್ಕೆ ಒಪ್ಪಿಗೆ ಆಗಲ್ಲ, ಐದು ಗುಂಪು ಮಾಡಿದ್ರೆ ಒಬ್ಬೊಬ್ರಿಗೆ ಎಂಟೊಂಬತ್ತು ಮಕ್ಕಳೇ ಬರ್ತಾರಲ್ಲ ಅಂತಾರೆ. ಆದ್ರೆ ಒಂದು ಮಗು ಬಿದ್ದು ಪೆಟ್ಟಾಯ್ತು, ಯಾರೋ ಒಬ್ರು ಆಸ್ಪತ್ರೆಗೆ ಹೋಗ್ಬೇಕು, ಆಗ ಅವರ ಗುಂಪನ್ನ ಯಾರು ನೋಡ್ಕೊಳ್ಳೋದು? ಕೈ ಖಾಲಿ ಇರೋ ಒಬ್ರು ಇರ್ಲೇಬೇಕು. ಕೆಲವು ಕಡೆ ಇಷ್ಟು ಮಕ್ಕಳಿಗೆ ಇಷ್ಟು ಜನ ದೊಡ್ಡವರು ಅಂತ ನಿಯಮನೇ ಇರತ್ತೆ, ಅದನ್ನ ನಿಮ್ಮ ಹೆಡ್‌ಮಾಸ್ಟರ್ ಹತ್ರ ಕೇಳಿಕೊಳ್ಳಿ, ಚಿಕ್ಕ ಮಕ್ಕಳಾದ್ರೆ, ನೀರಿನ ಜಾಗ ಆದ್ರೆ ದೊಡ್ಡವರು ಜಾಸ್ತಿ ಬೇಕೇ ಬೇಕು.

ಗುಂಪಿನೊಳಗೆ ಮಕ್ಕಳನ್ನ ಇಬ್ಬಿಬ್ರು ಜೋಡಿ ಮಾಡಿ, ಬೆಸ ಬಂದ್ರೆ ಮೂವರು. ಜೋಡಿ ಕೆಲಸ ಒಂದೇ, ಪಕ್ಕದವ್ರು ಕಾಣಿಸ್ದೇ ಹೋದ್ರೆ ತಕ್ಷಣ ಬಂದು ಹೇಳೋದು. ನನ್ನ ಕಥೆಯಲ್ಲಿ ಆ ಹುಡುಗಿ ಎದ್ದು ಬಂದು ಹೇಳಿದ್ಲಲ್ಲ, ನಾವು ಜೋಡಿ ಅಂತ ಮಾಡಿರ್ಲೇ ಇಲ್ಲ, ಅವಳೇ ಗಮನಿಸಿ ಹೇಳಿದ್ದು. ಹೊರಡೋ ಮುಂಚೆನೇ ಹೇಳ್ಬೇಕಿತ್ತಲ್ಲಾ ಅಂದ್ರೆ, ಬೇರೆ ಸೀಟಲ್ಲಿ ಕೂತಿರ್ಬಹುದು ಅಂದ್ಕೊಂಡ್ಳಂತೆ. ಜೋಡಿ ಅಂತ ಮೊದಲೇ ಹೇಳಿದ್ರೆ ಆ ಅನುಮಾನಕ್ಕೆ ಜಾಗ ಇರಲ್ಲ.

ಇನ್ನು ಟೀಚರ್ ಮಕ್ಕಳು, ಕ್ಲೀನರ್, ಗೈಡ್, ಜೊತೆಗೆ ಬಂದ ಪೋಷಕರು, ಬಸ್ಸಲ್ಲಿ ಕೂರೋ ಪ್ರತಿಯೊಬ್ರ ಹೆಸರೂ ಲಿಸ್ಟಿನ ಕೊನೇಲಿ ಬೇರೆ ಭಾಗದಲ್ಲಿ ಇರ್ಲಿ. ತೊಡೆ ಮೇಲೆ ಕೂತ ಮಗುನೂ ಸೇರ್ಸಿ.

ಲಿಸ್ಟಿಗೆ ಮೂರು ಪ್ರತಿ: ಒಂದು ನಿಮ್ಮ ಕೈಯಲ್ಲಿ, ಒಂದು ಇನ್ನೊಬ್ರು ಟೀಚರ್ ಹತ್ರ, ಒಂದು ಶಾಲೆ ಆಫೀಸಲ್ಲಿ. ಆಫೀಸಿನ ಪ್ರತಿ ಯಾಕಂದ್ರೆ ಬಸ್ಸಿಗೇ ಏನಾದ್ರೂ ಆದ್ರೆ ಒಳಗೆ ಯಾರ್ಯಾರು ಇದ್ರು ಅಂತ ಹೇಳೋಕೆ ಹೊರಗೆ ಯಾರಾದ್ರೂ ಇರ್ಬೇಕಲ್ಲ. ಬೆಳಿಗ್ಗೆ ಗೆರೆ ಎಳೆದ ಮೇಲೆ ಅದರ ಫೋಟೋ ತೆಗೆದು ಆಫೀಸಿಗೆ ಕಳಿಸಿ, ಹಳೇ 44ರ ಪ್ರತಿ ಅಲ್ಲೇ ಉಳೀಬಾರದು. ಬಸ್ ನಂಬರ್, ಡ್ರೈವರ್ ಫೋನ್ ನಂಬರ್, ಹೋಗೋ ದಾರಿ ಕೂಡ ಅದರಲ್ಲಿ ಇರ್ಲಿ.

ಎಣಿಸೋದು ಹೇಗೆ

ಓಡಾಡ್ತಿರೋ ಮಕ್ಕಳನ್ನ ಎಣಿಸೋಕೆ ಆಗಲ್ಲ. ಬಸ್ಸಲ್ಲಿ ಎಲ್ಲಾ ಕೂತ್ಮೇಲೆ, ಹೊರಗಡೆ ಆದ್ರೆ ಜೋಡಿ ಜೋಡಿಯಾಗಿ ಸಾಲಲ್ಲಿ ನಿಲ್ಸಿ, ಆಮೇಲೆ ಎಣಿಸಿ. ಮೊದ್ಲು ಗುಂಪಿನ ಟೀಚರ್ ತಮ್ಮ ಹತ್ತೋ ಹನ್ನೊಂದೋ ಮಕ್ಕಳ ಹೆಸರು ಕೂಗಿ, ಮುಖ ನೋಡಿ ಟಿಕ್ ಹಾಕ್ಕೋತಾರೆ. "ಪ್ರೆಸೆಂಟ್ ಮಿಸ್" ಅನ್ನೋ ಧ್ವನಿ ಕೇಳಿ ಟಿಕ್ ಹಾಕ್ಬೇಡಿ, ಗೆಳೆಯ ಐಸ್‌ಕ್ರೀಮ್ ತರೋಕೆ ಹೋಗಿದ್ರೆ ಪಕ್ಕದವನೇ ಕೂಗಿಬಿಡ್ತಾನೆ. ಅದಾದ್ಮೇಲೆ ಹೊಣೆ ಹೊತ್ತವರು ಮುಂದಿಂದ ಹಿಂದಕ್ಕೆ, ಇನ್ನೊಬ್ರು ಹಿಂದಿಂದ ಮುಂದಕ್ಕೆ, ಬೇರೆ ಬೇರೆಯಾಗಿ ತಲೆ ಎಣಿಸ್ಬೇಕು. ಇಬ್ರೂ ಮುಗಿಸೋವರೆಗೂ ಯಾರೂ ನಂಬರ್ ಬಾಯ್ಬಿಡ್ಬಾರದು. ಮೊದಲನೆಯವರು "42" ಅಂದುಬಿಟ್ರೆ ಎರಡನೆಯವರ ಎಣಿಕೆ 41ಕ್ಕೆ ನಿಂತ್ರೂ ಎಲ್ಲೋ ಒಂದು ಬಿಟ್ಟಿರ್ಬೇಕು ಅಂದ್ಕೊಂಡು 42 ಅಂತಾರೆ, ಬೇಕು ಅಂತ ಸುಳ್ಳು ಹೇಳೋದಲ್ಲ, ಮನಸ್ಸು ಹಾಗೇ ವಾಲತ್ತೆ.

ಯಾವಾಗ ಯಾವಾಗ ಅಂದ್ರೆ, ಶಾಲೆ ಬಿಡೋ ಮುಂಚೆ ಸೀಟಲ್ಲಿ ಕೂತ್ಮೇಲೆ, ಇಳಿದ ತಕ್ಷಣ, ಟಿಕೆಟ್ ಗೇಟ್ ದಾಟಿದ್ಮೇಲೆ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗೋವಾಗೆಲ್ಲ, ಊಟಕ್ಕೆ ಕೂತಾಗ, ಟಾಯ್ಲೆಟ್ ಬ್ರೇಕ್ ಆದ್ಮೇಲೆ, ಬಸ್ ಹತ್ತಿದ್ಮೇಲೆ. ದಾರಿಯಲ್ಲಿ ಡೀಸೆಲ್‌ಗೆ ಅಂತ ಐದು ನಿಮಿಷ ನಿಲ್ಸಿದ್ರೂ, ಒಬ್ಬನೇ ಇಳಿದು ಹತ್ತಿದ್ರೂ ಮತ್ತೆ ಎಣಿಕೆ. ಹತ್ತುವಾಗ ಬಾಗಿಲಲ್ಲಿ ಎಣಿಸಿದ್ದು ಲೆಕ್ಕಕ್ಕಿಲ್ಲ, ಒಂದು ಮಗು ಹತ್ತಿ, ನೀರಿನ ಬಾಟಲ್ ಮರ್ತು ಬಂದೆ ಅಂತ ಇನ್ನೊಂದು ಬಾಗಿಲಿಂದ ಇಳಿದಿರತ್ತೆ. ಟಾಯ್ಲೆಟ್ ವಿಷಯದಲ್ಲಿ ಒಬ್ರೇ ಹೋಗೋದು ಬೇಡ, ಮೂವರು ಮೂವರು ಹೋಗ್ಲಿ, ಹೊರಗೆ ಒಬ್ರು ಟೀಚರ್ ನಿಂತಿರ್ಲಿ, ಕೊನೇಲಿ ಅವರೇ ಒಳಗೆ ಹೋಗಿ ಒಂದೊಂದು ಬಾಗಿಲೂ ನೋಡ್ಕೊಂಡು ಬರ್ಲಿ.

ಬೆಳಿಗ್ಗೆ ಹೊರಡೋ ಮುಂಚೆ ಗುಂಪು ಗುಂಪಾಗಿ ಒಂದೊಂದು ಫೋಟೋ ತೆಗೀರಿ, ಮಗು ಕಳೆದುಹೋದ್ರೆ "ಯಾವ ಬಣ್ಣದ ಶರ್ಟ್ ಹಾಕಿತ್ತು" ಅಂತ ಕೇಳಿದಾಗ ಗಾಬರಿಯಲ್ಲಿ ಯಾರಿಗೂ ನೆನಪು ಬರಲ್ಲ, ಫೋಟೋ ತೋರಿಸ್ಬಹುದು. ಪ್ರವಾಸ ಮುಗಿದ್ಮೇಲೆ ಅಳಿಸಿಬಿಡಿ. ಕೈಗೆ ಕಟ್ಟೋ ಪಟ್ಟಿಯಲ್ಲಿ ಶಾಲೆ ಹೆಸರು, ಟೀಚರ್ ಫೋನ್ ನಂಬರ್ ಸಾಕು. ಮಗು ಹೆಸರು ಎದ್ದು ಕಾಣೋ ಹಾಗೆ ಬರೀಬೇಡಿ, ಗೊತ್ತಿಲ್ದೋರು ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಮಗು ಪರಿಚಯದವರು ಅಂದ್ಕೊಂಡು ಹೋಗಿಬಿಡತ್ತೆ.

ಒಂದು ಕಮ್ಮಿ ಬಂತು ಅಂದ್ರೆ ಏನ್ಮಾಡೋದು? ಬಸ್ ಬಾಗಿಲು ಹಾಕ್ಸಿ, ಯಾರೂ ಇಳಿಯೋ ಹಾಗಿಲ್ಲ, ಮಕ್ಕಳನ್ನ ಹುಡುಕೋಕೆ ಕಳಿಸೋದಂತೂ ಬೇಡವೇ ಬೇಡ, ಒಬ್ಬ ಹೋದವನ ಜಾಗಕ್ಕೆ ಮೂವರು ಹೋಗ್ತಾರೆ. ಹೆಸರು ಕೂಗಿ ಯಾರು ಇಲ್ಲ ಅಂತ ಗೊತ್ತು ಮಾಡ್ಕೊಳ್ಳಿ, ಅವರ ಜೋಡಿಯನ್ನ ಕೊನೇಲಿ ಎಲ್ಲಿ ನೋಡಿದ್ದು ಅಂತ ಕೇಳಿ, ಗುಂಪಿಲ್ಲದ ಟೀಚರ್ ಮೊದ್ಲು ಟಾಯ್ಲೆಟ್‌ಗೆ, ಆಮೇಲೆ ಆ ಕೊನೇ ಜಾಗಕ್ಕೆ ಹೋಗ್ಲಿ. ಅದೇ ಹೊತ್ತಿಗೆ ಇನ್ನೊಬ್ರು ಅಲ್ಲಿನ ಸೆಕ್ಯುರಿಟಿಗೆ ಫೋಟೋ ತೋರ್ಸಿ ಗೇಟಲ್ಲಿ ಗಮನ ಇಡೋಕೆ ಹೇಳ್ಲಿ. ನಾವೇ ಹುಡುಕ್ತೀವಿ, ಸಿಕ್ಕಲಿಲ್ಲ ಅಂದ್ರೆ ಹೇಳೋಣ ಅಂತ ನಾಚಿಕೆಗೆ ಕಾಯ್ತಾ ಕೂರ್ಬೇಡಿ. ಈ ಎರಡೂ ಜಾಗದಲ್ಲಿ ಇಲ್ಲ ಅಂದ ತಕ್ಷಣ ಹೆಡ್‌ಮಾಸ್ಟರ್‌ಗೆ ಫೋನ್, ಪೊಲೀಸರಿಗೂ ಮನೆಗೂ ತಿಳಿಸೋದು ಆಗಲೇ ಶುರು ಆಗ್ಬೇಕು.

ಔಷಧಿ

ಪತ್ರದಲ್ಲಿ "ಹೌದು" ಅಂತ ಬರೆದಿರೋ ಮನೆಯವರ ಹತ್ರ ನೀವೇ ಮಾತಾಡ್ಬೇಕು ಅಂದೆ. ಕೇಳ್ಬೇಕಾಗಿರೋದು ಇಷ್ಟೇ: ಯಾವ ಔಷಧಿ, ಎಷ್ಟು, ಎಷ್ಟೊತ್ತಿಗೆ ಇಲ್ಲಾ ಏನಾದಾಗ ಕೊಡ್ಬೇಕು, ಕೊಟ್ಟ ಮೇಲೂ ಕಮ್ಮಿ ಆಗದಿದ್ರೆ ಏನು ಮಾಡ್ಬೇಕು. ಇದನ್ನ ಅವರ ಕೈಯಲ್ಲೇ ಬರೆಸಿ ಸಹಿ ಮಾಡ್ಸಿ. ಔಷಧಿ ಅದರ ಸ್ವಂತ ಡಬ್ಬಿ ಅಥವಾ ಸ್ಟ್ರಿಪ್‌ನಲ್ಲೇ ಬರ್ಲಿ, ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಕಾಣೋ ಹಾಗೆ. ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆ ತಗೋಬೇಡಿ. ಮಗು ಬ್ಯಾಗಲ್ಲಿ ಹಾಕಿ ಕಳಿಸೋದಲ್ಲ, ಪೋಷಕರೇ ಬೆಳಿಗ್ಗೆ ನಿಮ್ಮ ಕೈಗೆ ಕೊಡ್ಲಿ.

ನಮ್ಮ 42ರಲ್ಲಿ ನಾಲ್ಕು ಮಕ್ಕಳಿಗೆ ಇಂಥ ಚೀಟಿ ಇತ್ತು ಅಂದ್ಕೊಳ್ಳಿ. ಒಬ್ಬನಿಗೆ ಅಸ್ತಮಾ, ಒಬ್ಳಿಗೆ ಸಕ್ಕರೆ ಕಾಯಿಲೆ, ಒಬ್ಬನಿಗೆ ಫಿಟ್ಸ್, ಒಬ್ಳಿಗೆ ಬಸ್ಸಲ್ಲಿ ವಾಂತಿ. ಒಂದೊಂದಾಗಿ ನೋಡೋಣ.

ಅಸ್ತಮಾ ಇರೋ ಹುಡುಗನ ಇನ್‌ಹೇಲರ್ ಎಲ್ಲಿರ್ಬೇಕು? ಅವನ ಜೇಬಲ್ಲಿ ಇಲ್ಲಾ ಅವನ ಗುಂಪಿನ ಟೀಚರ್ ಹೆಗಲ ಬ್ಯಾಗಲ್ಲಿ, ಅಂದ್ರೆ ಅವನು ಹೋದಲ್ಲೆಲ್ಲಾ ಅದೂ ಹೋಗ್ಬೇಕು. ಔಷಧಿ ಬಾಕ್ಸ್ ಬಸ್ಸಲ್ಲೇ ಬಿಟ್ಟು ಒಳಗೆ ಹೋದ್ರೆ, ಬಸ್ ದೂರ ಪಾರ್ಕ್ ಆಗಿರತ್ತೆ, ಡ್ರೈವರ್ ಊಟಕ್ಕೆ ಹೋಗಿರ್ತಾರೆ, ಬಾಗಿಲಿಗೆ ಬೀಗ. ಇದು ಎಲ್ಲಾ ತುರ್ತು ಔಷಧಿಗೂ ಅನ್ವಯಿಸತ್ತೆ, ಅಲರ್ಜಿಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್ ಪೆನ್‌ಗಂತೂ ಇನ್ನೂ ಹೆಚ್ಚು. ಬೆಳಿಗ್ಗೆನೇ ಇನ್‌ಹೇಲರ್ ಖಾಲಿ ಆಗಿಲ್ವಾ, ಎಕ್ಸ್‌ಪೈರಿ ಆಗಿಲ್ವಾ, ಅದಕ್ಕೆ ಸಿಕ್ಕಿಸೋ ಕೊಳವೆ, ಅಂದ್ರೆ ಸ್ಪೇಸರ್, ಇದ್ಯಾ ನೋಡ್ಕೊಳ್ಳಿ. ಉಬ್ಬಸ ಬಂದ್ರೆ ಮಲಗಿಸ್ಬೇಡಿ, ನೆಟ್ಟಗೆ ಕೂರ್ಸಿ, ಚೀಟಿಯಲ್ಲಿ ಇದ್ದ ಹಾಗೆ ಕೊಡಿ. ಮಾತಾಡೋಕೆ ಆಗ್ತಿಲ್ಲ, ತುಟಿ ನೀಲಿ ಆಗ್ತಿದೆ, ಇಲ್ಲಾ ಇನ್‌ಹೇಲರ್ ಕೊಟ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ಆಂಬುಲೆನ್ಸ್ ಕರೀರಿ.

ಸಕ್ಕರೆ ಕಾಯಿಲೆ ಇರೋ ಹುಡುಗಿಗೆ ಪ್ರವಾಸದಲ್ಲಿ ಅಪಾಯ ಬರೋದು ಜಾಸ್ತಿ ಊಟ ತಡ ಆದಾಗ. ಇನ್ಸುಲಿನ್ ತಗೊಂಡಿದ್ದಾಳೆ, ಬೆಳಿಗ್ಗೆಯಿಂದ ಓಡಾಡಿದ್ದಾಳೆ, ಬಸ್ ಟ್ರಾಫಿಕ್ಕಲ್ಲಿ ಸಿಕ್ಕಿ ಊಟ ಒಂದೂವರೆ ಗಂಟೆ ತಡ. ಆಗ ರಕ್ತದಲ್ಲಿ ಸಕ್ಕರೆ ಇಳಿಯತ್ತೆ: ಬೆವರತ್ತೆ, ಕೈ ನಡುಗತ್ತೆ, ಸಿಡಿಮಿಡಿ ಮಾಡತ್ತೆ, ಪ್ರಶ್ನೆ ಕೇಳಿದ್ರೆ ಏನೇನೋ ಉತ್ತರ. ಕೆಲವರು ಇದನ್ನ ಹಠ ಅಂದ್ಕೊಂಡು ಬೈತಾರೆ. ತಕ್ಷಣ ಗ್ಲೂಕೋಸ್ ಇಲ್ಲಾ ಸಕ್ಕರೆ ನೀರು, ಸಾಮಾನ್ಯವಾಗಿ ಹೇಳೋದು 15 ಗ್ರಾಂ, ಅಂದ್ರೆ ಸುಮಾರು ಮೂರು ಟೀ ಚಮಚ ಸಕ್ಕರೆ, ಚಿಕ್ಕ ಮಕ್ಕಳಿಗೆ ಕಮ್ಮಿ ಸಾಕಾಗ್ಬಹುದು, ಅದನ್ನ ಮನೆಯವರು ಚೀಟಿಯಲ್ಲಿ ಬರೆದಿರ್ತಾರೆ. 15 ನಿಮಿಷ ಬಿಟ್ಟು ಮೀಟರಲ್ಲಿ ಮತ್ತೆ ನೋಡ್ಬೇಕು. ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ಬಾರದು, ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್. ಅವಳ ಇನ್ಸುಲಿನ್ ಬಿಸಿಲಲ್ಲಿ ನಿಂತ ಬಸ್ಸಲ್ಲಿ ಬಿಡ್ಬೇಡಿ, ಬಿಸಿಗೆ ಅದು ಕೆಡತ್ತೆ, ಐಸ್‌ಗೆ ನೇರವಾಗಿ ತಾಗಿಸಿಟ್ಟು ಹೆಪ್ಪುಗಟ್ಟಿದ್ರೂ ಕೆಡತ್ತೆ. ಬಟ್ಟೆಯಲ್ಲಿ ಸುತ್ತಿ ಕೂಲ್ ಪೌಚಲ್ಲಿಟ್ಟು ಜೊತೆಗೇ ಇಟ್ಕೊಳ್ಳಿ.

ಫಿಟ್ಸ್ ಇರೋ ಹುಡುಗನ ವಿಷಯದಲ್ಲಿ ಎಲ್ಲಾ ಟೀಚರ್‌ಗೂ ಮುಂಚೇನೇ ಹೇಳಿರಿ, ಬಂದಾಗ ಮೊದಲ ಕೆಲಸ ಗಡಿಯಾರ ನೋಡೋದು. ಸುತ್ತ ಇರೋ ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗೆ ಏನಾದ್ರೂ ಇಡಿ, ಪಕ್ಕಕ್ಕೆ ತಿರುಗಿಸಿ, ಬಾಯೊಳಗೆ ಏನೂ ತುರುಕ್ಬೇಡಿ, ಕೈಕಾಲು ಅದುಮಿ ಹಿಡೀಬೇಡಿ, ಕೈಗೆ ಕಬ್ಬಿಣ ಕೊಡೋದ್ರಿಂದ ಏನೂ ಆಗಲ್ಲ. 5 ನಿಮಿಷ ದಾಟಿದ್ರೆ, ಇಲ್ಲಾ ನಿಂತು ಎಚ್ಚರ ಬರೋ ಮುಂಚೆನೇ ಮತ್ತೆ ಶುರು ಆದ್ರೆ ಆಂಬುಲೆನ್ಸ್. ಡಾಕ್ಟರ್ ಮೂಗಿಗೆ ಇಲ್ಲಾ ಕೆನ್ನೆ ಒಳಗೆ ಹಾಕೋ ತುರ್ತು ಔಷಧಿ ಬರೆದುಕೊಟ್ಟಿದ್ರೆ ಅದನ್ನ ಕೊಡೋದು ಯಾರು ಅಂತ ಹೆಸರು ಹಿಡಿದು ಮೊದ್ಲೇ ತೀರ್ಮಾನ ಮಾಡಿ, ಹೇಗೆ ಕೊಡೋದು ಅಂತ ಅವರು ಮನೆಯವರಿಂದಲೋ ನರ್ಸಿಂದಲೋ ಕಲ್ತಿರ್ಬೇಕು.

ವಾಂತಿ ಮಾತ್ರೆ ಹೊರಟ ಮೇಲೆ, ಹೊಟ್ಟೆ ತೊಳಸೋಕೆ ಶುರು ಆದ್ಮೇಲೆ ಕೊಟ್ರೆ ಅಷ್ಟು ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡ್ಬೇಕಾಗತ್ತೆ, ಹಾಗಾಗಿ ಮನೆಯಲ್ಲೇ ಅಮ್ಮ ಕೊಟ್ಟು ಎಷ್ಟೊತ್ತಿಗೆ ಕೊಟ್ಟೆ ಅಂತ ಬರೆದು ಕಳಿಸ್ಲಿ. ತುಂಬಾ ಮಾತ್ರೆಗಳಿಂದ ನಿದ್ದೆ ಬರತ್ತೆ, ಆ ಮಗು ಸೀಟಲ್ಲಿ ಕುಸಿದು ಮಲಗಿರತ್ತೆ, ಎಣಿಕೆಯಲ್ಲಿ ತಪ್ಪಿಹೋಗೋ ಮಗು ಅದೇ, ನೆನಪಿಡಿ. ಮುಂದಿನ ಸೀಟಲ್ಲಿ ಕೂರ್ಸಿ, ರಸ್ತೆ ಕಡೆ ದೂರ ನೋಡೋಕೆ ಹೇಳಿ, ಮೊಬೈಲು ಪುಸ್ತಕ ಬೇಡ.

ಇನ್ನು ಚೀಟಿ ಇಲ್ಲದ ಮಗು "ತಲೆನೋವು ಮಿಸ್" ಅಂದ್ರೆ ನಿಮ್ಮ ಪರ್ಸಲ್ಲಿರೋ ಮಾತ್ರೆ ಅರ್ಧ ಮಾಡಿ ಕೊಡ್ಬೇಡಿ. ಪ್ಯಾರಾಸಿಟಮಾಲ್ ಕೂಡ ಮಗುವಿನ ತೂಕದ ಮೇಲೆ ಹೋಗತ್ತೆ, ಎರಡು ಡೋಸ್ ಮಧ್ಯೆ ಕನಿಷ್ಠ 4 ಗಂಟೆ ಅಂತರ ಬೇಕು, ಬೆಳಿಗ್ಗೆ ಜ್ವರಕ್ಕೆ ಅಮ್ಮ ಕೊಟ್ಟು ಕಳಿಸಿದ್ದಾರೋ ನಮಗೆ ಗೊತ್ತಿರಲ್ಲ. ಮಕ್ಕಳಿಗೆ ಆಸ್ಪಿರಿನ್ ಅಂತೂ ಕೊಡಲೇಬಾರದು. ನೀರು ಕುಡಿಸಿ, ನೆರಳಲ್ಲಿ ಕೂರ್ಸಿ, ಮನೆಗೆ ಫೋನ್ ಮಾಡಿ ಕೇಳಿ.

ಏನೇ ಕೊಟ್ರೂ ಒಂದು ನೋಟ್‌ಬುಕ್ಕಲ್ಲಿ ಬರೀರಿ: ಮಗು ಹೆಸರು, ಔಷಧಿ, ಎಷ್ಟು, ಗಂಟೆ, ಕೊಟ್ಟವರು, ನೋಡಿದವರು. ಇಬ್ರು ಟೀಚರ್ ಬೇರೆ ಬೇರೆಯಾಗಿ ಒಂದೇ ಮಗುಗೆ ಎರಡು ಸಲ ಕೊಡೋದು ತಪ್ಪೋದು ಇದ್ರಿಂದಲೇ.

ಬಸ್ಸಲ್ಲಿ ಏನಿರ್ಬೇಕು

ಹೊರಡೋ ಮುಂಚೆ ಹತ್ತು ನಿಮಿಷ ಖಾಲಿ ಬಸ್ ಹತ್ತಿ ನೋಡಿ. ತುರ್ತು ಬಾಗಿಲು ನಿಜವಾಗ್ಲೂ ತೆಗೆಯತ್ತಾ ಅಂತ ಡ್ರೈವರ್ ಕೈಲಿ ತೆಗೆಸಿ ನೋಡಿ, ಅದರ ಮುಂದೆ ಬ್ಯಾಗು ಸ್ಟೆಪ್ನಿ ಏನೂ ಇರ್ಬಾರದು. ಬೆಂಕಿ ಆರಿಸೋ ಸಿಲಿಂಡರಿಗೆ ಗೇಜ್ ಇದ್ರೆ ಮುಳ್ಳು ಹಸಿರಲ್ಲಿ ಇರ್ಬೇಕು. ಫಸ್ಟ್ ಏಡ್ ಬಾಕ್ಸ್ ಮುಚ್ಚಳ ತೆಗೆದು ನೋಡಿ, ಎಷ್ಟೋ ಸಲ ಖಾಲಿ ಡಬ್ಬಿ ಇರತ್ತೆ. ಎಲ್ಲರಿಗೂ ಸೀಟ್ ಇದ್ಯಾ, 42 ಮಕ್ಕಳು, 5 ಟೀಚರ್, 47 ಸೀಟ್ ಬೇಕು, ಒಂದು ಸೀಟಲ್ಲಿ ಮೂವರನ್ನ ಕೂರ್ಸೋದು ಬೇಡ. ಬೆಲ್ಟ್ ಇದ್ರೆ ಹಾಕ್ಸಿ.

ಮುಂದಿನ ಸೀಟಿನ ಕೆಳಗೆ, ಕೈಗೆ ಸಿಗೋ ಹಾಗೆ ಒಂದು ಬ್ಯಾಗ್: ವಾಂತಿ ಕವರು (ತೂತಿಲ್ಲದ್ದು, ಒಂದಿಪ್ಪತ್ತು ಇರ್ಲಿ), ಟಿಶ್ಯೂ, ಗ್ಲೌಸ್, ಹಳೇ ಪೇಪರ್, ಸೋಪು, ಕಸದ ಚೀಲ, ಎರಡು ಜೊತೆ ಬೇರೆ ಬೇರೆ ಅಳತೆಯ ಬಟ್ಟೆ, ಸ್ಯಾನಿಟರಿ ಪ್ಯಾಡ್, ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ಓಆರ್‌ಎಸ್ ಪ್ಯಾಕೆಟ್. ಓಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರ್ದಿರತ್ತೆ, ಒಂದು ಲೀಟರಿನ ಪ್ಯಾಕೆಟ್ ಆದ್ರೆ ಪೂರ್ತಿ ಒಂದು ಲೀಟರಿಗೇ ಕಲಸಿ, ಅರ್ಧ ಪ್ಯಾಕೆಟ್ ಅಂದಾಜಿಗೆ ಗ್ಲಾಸಿಗೆ ಸುರೀಬೇಡಿ, ಉಪ್ಪು ಜಾಸ್ತಿ ಆಗತ್ತೆ. ಕುಡಿಯೋ ನೀರು ಮಕ್ಕಳ ಬಾಟಲ್ ಬಿಟ್ಟು ಒಂದು ಕ್ಯಾನ್ ಬಸ್ಸಲ್ಲೇ ಇರ್ಲಿ, ಬಸ್ ಕೆಟ್ಟು ನಿಂತ ದಿನ ಅದರ ಬೆಲೆ ಗೊತ್ತಾಗತ್ತೆ. ಫಸ್ಟ್ ಏಡ್ ನಿಮ್ಮದೇ ಬೇರೆ ತಗೊಂಡು ಹೋಗಿ, ಅದೂ ತುರ್ತು ಔಷಧಿನೂ ನಿಮ್ಮ ಜೊತೆ ಇಳೀಬೇಕು. ಡಿಕ್ಕಿಯಲ್ಲಿ ಔಷಧಿ ಯಾವತ್ತೂ ಇಡ್ಬೇಡಿ.

ಕೂರೋದು ಹೇಗಂದ್ರೆ, ಒಬ್ರು ಟೀಚರ್ ಕೊನೇ ಸೀಟಲ್ಲಿ, ಒಬ್ರು ತುರ್ತು ಬಾಗಿಲ ಹತ್ರ, ಹೊಣೆ ಹೊತ್ತವರು ಮುಂದಿನ ಬಾಗಿಲ ಹತ್ರ, ಉಳಿದ ಇಬ್ರು ಮಧ್ಯೆ. ಎಲ್ಲಾ ಟೀಚರ್‌ಗಳೂ ಮುಂದೆ ಒಟ್ಟಿಗೆ ಕೂತು ಮಾತಾಡ್ತಾ ಹೋಗೋದು ನಾನು ತುಂಬಾ ಕಡೆ ನೋಡಿದ್ದೀನಿ, ಹಿಂದೆ ಮಕ್ಕಳು ಕಿಟಕಿಯಿಂದ ಕೈ ಹೊರಗೆ ಹಾಕಿರ್ತಾರೆ, ಯಾರಿಗೂ ಗೊತ್ತಿರಲ್ಲ. ಇಳಿಯುವಾಗ ಟೀಚರ್ ಮೊದ್ಲು, ಮಕ್ಕಳು ಆಮೇಲೆ, ರಸ್ತೆ ಕಡೆ ಬಾಗಿಲಿಂದ ಇಳಿಸ್ಲೇಬೇಡಿ.

ವಾಪಸ್ ಬಂದ್ಮೇಲೆ

ಶಾಲೆ ಮುಟ್ಟೋಕೆ ಅರ್ಧ ಗಂಟೆ ಇದೆ ಅನ್ನುವಾಗ ಪೋಷಕರಿಗೆ ಮೆಸೇಜ್ ಹಾಕಿ, ತಡ ಆಗೋ ಹಾಗಿದ್ರೆ ಇನ್ನೂ ಮುಂಚೆನೇ ಹೇಳಿ. ಬಸ್ ನಿಂತ ತಕ್ಷಣ ಎಲ್ಲರನ್ನೂ ಇಳಿಸಿಬಿಟ್ರೆ ಕತ್ತಲಲ್ಲಿ ಯಾರು ಯಾರ ಜೊತೆ ಹೋದ್ರು ಗೊತ್ತಾಗಲ್ಲ. ಶಾಲೆ ಕಾಂಪೌಂಡ್ ಒಳಗೆ ಇಳಿಸಿ, ಗುಂಪಾಗಿ ಕೂರ್ಸಿ, ಪತ್ರದಲ್ಲಿ ಹೆಸರು ಬರೆದಿರೋವ್ರ ಜೊತೆಗೇ ಕಳಿಸಿ, ಪ್ರತಿ ಹೆಸರಿನ ಮುಂದೆ ಟಿಕ್ ಹಾಕಿ. ಪಕ್ಕದ ಮನೆ ಅಂಕಲ್ ಅಂತ ಬೇರೆ ಯಾರಾದ್ರೂ ಬಂದ್ರೆ ಅಪ್ಪ ಅಮ್ಮನಿಗೆ ಫೋನ್ ಮಾಡಿ ಕೇಳಿದ್ಮೇಲೆನೇ. ಉಳಿದ ಔಷಧಿ, ಇನ್‌ಹೇಲರ್ ಅವರ ಕೈಗೇ ವಾಪಸ್, ಇವತ್ತು ಏನೇನು ಕೊಟ್ವಿ, ಎಷ್ಟೊತ್ತಿಗೆ ಅಂತ ನೋಟ್‌ಬುಕ್ ನೋಡಿ ಹೇಳಿ, ರಾತ್ರಿ ಡೋಸ್ ಅವರು ಅದರ ಮೇಲೆ ಲೆಕ್ಕ ಹಾಕ್ತಾರೆ.

ಡ್ರೈವರ್ ಬಸ್ ತಗೊಂಡು ಹೋಗೋ ಮುಂಚೆ ನೀವೇ ಇನ್ನೊಂದ್ಸಲ ಹತ್ತಿ ಕೊನೇ ಸೀಟಿನವರೆಗೂ ನಡೆದು ಹೋಗಿ, ಲೈಟ್ ಹಾಕ್ಸಿ, ಇಲ್ಲಾ ಟಾರ್ಚ್ ಹಿಡಿದು ಬಗ್ಗಿ ಸೀಟಿನ ಕೆಳಗೂ ನೋಡಿ. ಟಿಕ್ ಎಲ್ಲಾ ಬಿದ್ದಿದ್ರೂ ಇದನ್ನ ಬಿಡ್ಬೇಡಿ, ಮಾತ್ರೆ ತಗೊಂಡು ಮಲಗಿರೋ ಮಗು ಸೀಟಿಂದ ಜಾರಿ ಕೆಳಗೆ ಮುದುರಿಕೊಂಡಿದ್ರೆ ನಿಂತು ನೋಡೋವ್ರಿಗೆ ಕಾಣ್ಸಲ್ಲ. ಕೊನೇ ಮಗು ಕೈ ಹಿಡ್ಕೊಂಡು ಮನೆಯವರು ಗೇಟ್ ದಾಟಿದ್ಮೇಲೆ ಹೆಡ್‌ಮಾಸ್ಟರ್‌ಗೆ ಫೋನ್ ಮಾಡಿ, 42ಕ್ಕೆ 42 ಮನೆ ಸೇರ್ಕೊಂಡ್ರು ಅಂತ ಹೇಳಿ, ಆಮೇಲೆ ನೀವು ಹೊರಡಿ.